ಎರಡು ಮಿಲಿಮೀಟರ್ ನೀರು

ಕಳೆದ ಮೇ ತಿಂಗಳಲ್ಲಿ ನಾವು ಸಿವಿಲ್‌ನ ಮೂವರು ಇಂಟರ್ನ್‌ಶಿಪ್ ಅಂತ ಮಂಗಳೂರಿನ ಒಂದು ಸೈಟಿಗೆ ಹೋಗಿದ್ವಿ. ಮೂರು ಮಹಡಿಯ ಸಣ್ಣ ಆಫೀಸ್ ಕಟ್ಟಡ. ಸ್ಲಾಬ್ ಎಲ್ಲಾ ಮುಗಿದು ತಾರಸಿಯ ಕೆಲಸ ನಡೀತಿತ್ತು. "ನೀವು ಮೇಲಿನದ್ದು ನೋಡ್ಕೊಳ್ಳಿ ಮಾರಾಯ್ರೆ" ಅಂತ ಸೈಟ್ ಎಂಜಿನಿಯರ್ ನಮಗೆ ಡ್ರಾಯಿಂಗ್ ಕೊಟ್ಟು ಕೆಳಗೆ ಹೋದರು. ಡ್ರಾಯಿಂಗ್ ಬಿಡಿಸಿದ ನಾವು ಮೊದಲು ಅಂದುಕೊಂಡದ್ದು, ಇದರಲ್ಲಿ ಏನೋ ತಪ್ಪಾಗಿದೆ ಅಂತ.

ಸಾಮಾನ್ಯವಾಗಿ ನಮಗೆ ಗೊತ್ತಿರೋ ಕ್ರಮದಲ್ಲಿ ಶಾಖ ತಡೆಯುವ ಪದರ ಕೆಳಗೆ, ನೀರು ತಡೆಯುವ ಹಾಳೆ ಮೇಲೆ. ಇಲ್ಲಿ ಅದು ತಲೆಕೆಳಗಾಗಿತ್ತು. ಸ್ಲಾಬಿನ ಮೇಲೆ ಇಳಿಜಾರಿನ ಸ್ಕ್ರೀಡ್, ಅದಕ್ಕೆ ಅಂಟಿಸಿದ ಬಿಟುಮೆನ್ ಮೆಂಬ್ರೇನ್, ಅದರ ಮೇಲೆ 50 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ ಬೋರ್ಡ್, ಬೋರ್ಡಿನ ಮೇಲೆ ನೀರು ಬಿಡುವ ಬಟ್ಟೆ, ಎಲ್ಲಕ್ಕಿಂತ ಮೇಲೆ 50 ಮಿಲಿಮೀಟರ್ ತೊಳೆದ ಗುಂಡುಕಲ್ಲು. ಇದಕ್ಕೆ ಇನ್ವರ್ಟೆಡ್ ರೂಫ್ ಅಂತಲೇ ಹೆಸರು.

ಕಾರಣ ಯೋಚಿಸಿದರೆ ಸರಳ. ಮೆಂಬ್ರೇನ್ ಮೇಲಿದ್ದರೆ ಹಗಲಿಡೀ ಬಿಸಿಲಲ್ಲಿ ಬೇಯುತ್ತೆ, ಸಂಜೆ ಮಳೆ ಬಿದ್ದ ಕೂಡಲೇ ತಣ್ಣಗಾಗುತ್ತೆ. ದಿನಾ ಹಿಗ್ಗಿ ಕುಗ್ಗಿ, ಬಿಸಿಲಿಗೆ ಗಡುಸಾಗಿ, ಕೊನೆಗೆ ಬಿರುಕು ಬಿಡುತ್ತೆ. ಬೋರ್ಡಿನ ಕೆಳಗಿದ್ದರೆ ಅದು ಹೆಚ್ಚುಕಮ್ಮಿ ಸ್ಲಾಬಿನ ಉಷ್ಣತೆಯಲ್ಲೇ ನೆಮ್ಮದಿಯಾಗಿ ಇರುತ್ತೆ. ಬೋರ್ಡ್ ಮಾತ್ರ ನೆನೆಯುತ್ತೆ. ಅದಕ್ಕೇ ಪ್ಯಾಕಿಂಗಿಗೆ ಬರೋ ಬಿಳಿ ಥರ್ಮೋಕೋಲ್ ಇಲ್ಲಿ ನಡೆಯೋದಿಲ್ಲ. ಅದರ ಮಣಿಗಳ ಸಂದಿಗೆ ನೀರು ಇಳಿಯುತ್ತೆ. ಎಕ್ಸ್‌ಪಿಎಸ್‌ನ ಕಣಗಳು ಮುಚ್ಚಿಕೊಂಡಿರೋದರಿಂದ ಅದು ನೀರು ಕುಡಿಯೋದು ಬಹಳ ಕಮ್ಮಿ.

ಈ ಬೋರ್ಡುಗಳನ್ನ ಮೆಂಬ್ರೇನಿಗೆ ಅಂಟಿಸೋದಿಲ್ಲ, ಸುಮ್ಮನೆ ಹಾಸೋದು. ಅವುಗಳನ್ನ ಹಿಡಿದಿಡೋದು ಮೇಲಿನ ಕಲ್ಲಿನ ಭಾರ ಒಂದೇ. ಇದನ್ನ ನಾವು ಡ್ರಾಯಿಂಗ್‌ನಲ್ಲಿ ಓದಿದ್ದೆವು. ಅರ್ಥ ಆಗಿರಲಿಲ್ಲ.

ಮೆಂಬ್ರೇನ್ ಮುಗಿದ ಮೇಲೆ ನೀರು ಹೋಗೋ ಎರಡೂ ಬಾಯಿಗಳಿಗೆ ಗೋಣಿಚೀಲ ತುರುಕಿ, 48 ಗಂಟೆ ನೀರು ನಿಲ್ಲಿಸಿ ಪರೀಕ್ಷೆ ಮಾಡಿದ್ವಿ. ಕೆಳಗಿನ ಸೀಲಿಂಗ್ ಒಣಗಿಯೇ ಇತ್ತು. ಮರುದಿನ ಬೋರ್ಡ್ ಹಾಸೋ ಕೆಲಸ ಶುರುವಾಯಿತು. ಕತ್ತರಿಸಿದ ತುಂಡು, ಪುಡಿ ಎಲ್ಲಾ ಪೈಪಿಗೆ ಹೋಗಬಾರದು ಅಂತ ಗೋಣಿಚೀಲವನ್ನ ಮತ್ತೆ ತುರುಕಿಸಿದವರು ನಾವೇ. ಮಧ್ಯಾಹ್ನದ ಹೊತ್ತಿಗೆ ಅರ್ಧ ತಾರಸಿ ಆಗಿತ್ತು. ಮೇಸ್ತ್ರಿ ಬಾಗಲಕೋಟೆ ಕಡೆಯವರು. ಅವರು ಕೇಳಿದರು: "ಅಲ್ರೀ ಸರ, ಇಷ್ಟಕ್ಕ ಕಲ್ಲು ಹಾಕಿ ಮುಂದಕ್ಕ ಹೋಗೂಣೇನ್ರಿ?" ಕಲ್ಲು ಇನ್ನೂ ಕೆಳಗೆ ರಾಶಿ ಬಿದ್ದಿತ್ತು. ನಾವು ಹೇಳಿದ್ವಿ, "ಬೋರ್ಡ್ ಪೂರ್ತಿ ಮುಗಿಸಿಬಿಡಿ ಮೇಸ್ತ್ರಿ, ಕಲ್ಲು ನಾಳೆ ಒಂದೇ ಸಲ ಏರಿಸೋಣ." ಸಂಜೆಗೆ 144 ಬೋರ್ಡುಗಳೂ ಸಾಲಾಗಿ ಕೂತವು. ಫೋಟೋ ತೆಗೆದು ಕ್ಲಾಸ್ ಗ್ರೂಪಿಗೂ ಹಾಕಿದ್ವಿ.

ರಾತ್ರಿ ಗುಡುಗು ಸಹಿತ ಮಳೆ ಬಂತು. ಬೆಳಿಗ್ಗೆ ತಾರಸಿ ಹತ್ತಿ ನೋಡಿದರೆ ಕೆರೆಯಲ್ಲಿ ತೆಪ್ಪ ಬಿಟ್ಟ ಹಾಗಿತ್ತು. ಬೋರ್ಡುಗಳು ಒಂದರ ಮೇಲೊಂದು ಹತ್ತಿ ಒಂದು ಮೂಲೆಗೆ ಸೇರಿದ್ದವು. ನಾಲ್ಕು ಬೋರ್ಡುಗಳು ಗಾಳಿಗೆ ಪ್ಯಾರಪೆಟ್ ದಾಟಿ ಕೆಳಗೆ, ಕೆಲಸದವರ ಶೆಡ್ಡಿನ ಪಕ್ಕ ಬಿದ್ದಿದ್ದವು. ಹಗಲಾಗಿದ್ದರೆ ಅದೇ ಜಾಗದಲ್ಲಿ ಅವರ ಮಕ್ಕಳು ಆಡುತ್ತಿರುತ್ತಾರೆ.

ಎಂಜಿನಿಯರ್ ಬಂದು ನೋಡಿದವರೇ ಮೇಸ್ತ್ರಿಗೆ ಬೈಯಲು ಶುರು ಮಾಡಿದರು. ಎರಡು ದಿನದ ಕೂಲಿ ಕಟ್ ಅಂದರು. ಮೇಸ್ತ್ರಿ ತಲೆ ತಗ್ಗಿಸಿ ನಿಂತಿದ್ದರು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನಾವು ಒಂದು ನಿಮಿಷ ಸುಮ್ಮನಿದ್ದೆವು. ಆ ಒಂದು ನಿಮಿಷ ಈಗಲೂ ನೆನಪಾಗುತ್ತೆ. ಆಮೇಲೆ ಹೇಳಿದ್ವಿ: "ಸರ್, ಗೋಣಿ ಹಾಕಿಸಿದ್ದು ನಾವು, ಕಲ್ಲು ನಾಳೆ ಅಂದಿದ್ದೂ ನಾವು. ಅವರು ಕೇಳಿದ್ರು." ಎಂಜಿನಿಯರ್ ನಮ್ಮನ್ನ ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ಎಷ್ಟು ನೀರಿಗೆ ಬೋರ್ಡ್ ತೇಲುತ್ತೆ ಅಂತ ಲೆಕ್ಕ ಮಾಡಿ ತನ್ನಿ" ಅಂದರು. ಕೂಲಿ ಮಾತ್ರ ಕಟ್ ಆಗಲಿಲ್ಲ.

ಪಿಯುಸಿಯಲ್ಲಿ ಓದಿದ ಆರ್ಕಿಮಿಡೀಸನ ಲೆಕ್ಕವೇ ಅದು. ಒಂದು ಬೋರ್ಡ್ 1250 ಮಿಲಿಮೀಟರ್ ಉದ್ದ, 600 ಅಗಲ, 50 ದಪ್ಪ. ಘನ ಮೀಟರಿಗೆ 34 ಕೆಜಿ ಅಂದರೆ ಇಡೀ ಬೋರ್ಡಿನ ತೂಕ ಒಂದೂಕಾಲು ಕೆಜಿ ಚಿಲ್ಲರೆ. ಚದರ ಮೀಟರಿಗೆ 1.7 ಕೆಜಿ. ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಕೆಜಿ. ಹಾಗಾದರೆ ಬೋರ್ಡಿನ ಬುಡದಲ್ಲಿ 1.7 ಮಿಲಿಮೀಟರ್ ನೀರು ನಿಂತರೆ ಸಾಕು, ಅದು ಏಳುತ್ತೆ. ನಾವು ಮೂರು ಸಲ ಲೆಕ್ಕ ಮಾಡಿದ್ವಿ. ಎರಡು ಮಿಲಿಮೀಟರೂ ಬೇಡ.

ಹಾಗಾದರೆ ಆ ರಾತ್ರಿ ಎಷ್ಟು ಮಳೆ ಬಂದಿತ್ತು? ಬಾಯಿಗಳ ಬದಿಯ ಪ್ಯಾರಪೆಟ್ ಮೇಲೆ ಕೊಳೆ ನೀರಿನ ಗೆರೆ ಉಳಿದಿತ್ತು, ಮೆಂಬ್ರೇನಿನಿಂದ 60 ಮಿಲಿಮೀಟರ್ ಎತ್ತರ. ತಾರಸಿ 12 ಮೀಟರ್ ಉದ್ದ, 9 ಮೀಟರ್ ಅಗಲ; ಅಗಲಕ್ಕೆ ನೂರಕ್ಕೆ ಒಂದರಂತೆ ಇಳಿಜಾರು. ತಗ್ಗಿನಲ್ಲಿ 60 ಮಿಲಿಮೀಟರ್ ನಿಂತರೆ ನೀರು ಆರು ಮೀಟರ್ ದೂರದವರೆಗೆ ಹರಡುತ್ತೆ. ಅಲ್ಲಿರೋ ನೀರು ಸುಮಾರು 2160 ಲೀಟರ್. ಅದನ್ನ 108 ಚದರ ಮೀಟರಿಗೆ ಹಂಚಿದರೆ ಬರೀ 20 ಮಿಲಿಮೀಟರ್ ಮಳೆ. ಮಂಗಳೂರಿಗೆ ಇದೊಂದು ಮಳೆಯೇ ಅಲ್ಲ. ಅಷ್ಟಕ್ಕೇ ಮೂರರಲ್ಲಿ ಎರಡು ಪಾಲು ತಾರಸಿಯಲ್ಲಿ ಬೋರ್ಡುಗಳ ಬುಡ ಬಿಟ್ಟಿತ್ತು.

ಕಲ್ಲು ಇದ್ದಿದ್ದರೆ? ಬೋರ್ಡ್ ಪೂರ್ತಿ ಮುಳುಗಿದಾಗ ಚದರ ಮೀಟರಿಗೆ 50 ಕೆಜಿ ಮೇಲಕ್ಕೆ ತಳ್ಳುತ್ತೆ. ಅದರದೇ ತೂಕ ಕಳೆದರೆ ಸುಮಾರು 48. ಗುಂಡುಕಲ್ಲು ಘನ ಮೀಟರಿಗೆ 1600 ಕೆಜಿ ಅಂದುಕೊಂಡರೆ 50 ಮಿಲಿಮೀಟರ್ ಹಾಸಿಗೆ 80 ಕೆಜಿ. ಬೋರ್ಡ್ ಏಳೋದಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮ ಇದೆ, ಅದನ್ನ ತೋರಿಸಿದ್ದು ಎಂಜಿನಿಯರ್. ನೀರು ಇನ್ನೂ ಏರಿ ಕಲ್ಲೂ ಮುಳುಗಿದರೆ ಕಲ್ಲಿನ ತೂಕವೂ ಕಮ್ಮಿಯಾಗುತ್ತೆ. ಹಾಸಿಗೆಯಲ್ಲಿ ಕಲ್ಲು ಸುಮಾರು 60 ಪಾಲು, ಉಳಿದದ್ದು ಸಂದಿ. ಹಾಗಾಗಿ 30 ಕೆಜಿ ಕಳೆದು ಉಳಿಯೋದು 50. ತಳ್ಳೋದು 48, ಒತ್ತೋದು 50. ಒಂದು ಮೂಲೆಯಲ್ಲಿ ಕಲ್ಲು ತೆಳುವಾಗಿದ್ದರೂ ಮುಗೀತು. ಬೋರ್ಡ್ 100 ಮಿಲಿಮೀಟರ್ ಮಾಡಿ ಕಲ್ಲು ಅಷ್ಟೇ ಬಿಟ್ಟರೆ, ನೀರು ಬೋರ್ಡಿನ ಮಟ್ಟಕ್ಕೆ ಬಂದಾಗಲೇ 80 ಕೆಜಿ ಸಾಲದು. ಅದಕ್ಕೇ ಪ್ಯಾರಪೆಟ್‌ನಲ್ಲಿ ಹೆಚ್ಚುವರಿ ನೀರು ಹೊರಗೆ ಹೋಗೋ ತೂತು ಇರಬೇಕು, ಮುಖ್ಯ ಬಾಯಿ ಮೆಂಬ್ರೇನ್ ಮಟ್ಟದ ನೀರನ್ನೂ ಎಳೆದುಕೊಳ್ಳಬೇಕು.

ಗಾಳಿಯ ವಿಷಯ ಬೇರೆ. ಮಂಗಳೂರಿಗೆ ಐಎಸ್ 875 ಭಾಗ 3 ಕೊಡುವ ಮೂಲ ವೇಗ ಸೆಕೆಂಡಿಗೆ 39 ಮೀಟರ್. ಆ ವೇಗದ ಒತ್ತಡ ಸುಮಾರು 913 ನ್ಯೂಟನ್, ಅಂದರೆ ಚದರ ಮೀಟರಿಗೆ 93 ಕೆಜಿಯಷ್ಟು. ಮೂಲೆಗಳಲ್ಲಿ ಎಳೆತ ಇದಕ್ಕಿಂತ ಹೆಚ್ಚು. ಹಾಗಿದ್ದರೂ 80 ಕೆಜಿ ಕಲ್ಲು ನಡುಭಾಗದಲ್ಲಿ ಸಾಕಾಗೋದು ಯಾಕೆ? ಬೋರ್ಡುಗಳ ಸಂದಿಯಿಂದ ಗಾಳಿ ಕೆಳಗೂ ನುಗ್ಗಿ ಮೇಲೆ-ಕೆಳಗಿನ ಒತ್ತಡದ ವ್ಯತ್ಯಾಸ ಕುಗ್ಗುತ್ತೆ. ಪೂರ್ತಿ ಎಳೆತ ಬೋರ್ಡಿನ ಮೇಲೆ ಬೀಳೋದಿಲ್ಲ. ಆದರೆ ಮೂಲೆಯ ಸುಳಿಗಾಳಿ ಕಲ್ಲುಗಳನ್ನೇ ಗುಡಿಸಿಕೊಂಡು ಹೋಗುತ್ತೆ, ಬೋರ್ಡ್ ಬತ್ತಲಾಗುತ್ತೆ. ನಮ್ಮ ಡ್ರಾಯಿಂಗ್‌ನಲ್ಲಿ ಅಂಚು, ಮೂಲೆಗಳಿಗೆ ಗುಂಡುಕಲ್ಲಿನ ಬದಲು ಕಾಂಕ್ರೀಟ್ ಚಪ್ಪಡಿ ತೋರಿಸಿದ್ದು ಅದಕ್ಕೆ.

ಹಾಗಾದರೆ ಕಲ್ಲನ್ನೆಲ್ಲಾ ಮೊದಲೇ ಏರಿಸಿ ಇಟ್ಟುಕೊಳ್ಳಬಹುದಲ್ವಾ ಅಂತ ಕೇಳಿದ್ವಿ. ಅದೂ ಆಗದು. ಇಡೀ ತಾರಸಿಗೆ ಬೋರ್ಡಿನ ತೂಕ 184 ಕೆಜಿ, ಕಲ್ಲಿನದ್ದು 8.6 ಟನ್, 25 ಕೆಜಿಯ ಚೀಲದಲ್ಲಿ ಸುಮಾರು 345 ಚೀಲ. ಜನ ಓಡಾಡುವ ತಾರಸಿಗೆ ಡಿಸೈನಿನಲ್ಲಿ ಹಿಡಿಯೋ ಲೈವ್ ಲೋಡ್ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ. ಕಲ್ಲನ್ನ ಒಂದು ಕಡೆ 30 ಸೆಂಟಿಮೀಟರ್ ರಾಶಿ ಹಾಕಿದರೇ 480 ಕೆಜಿ. ಕಲ್ಲು ಬೋರ್ಡಿಗಿಂತ ಹಿಂದೆ ಬೀಳಬಾರದು, ರಾಶಿಯೂ ಬೀಳಬಾರದು. ಎರಡೂ ಒಟ್ಟೊಟ್ಟಿಗೇ ಸಾಗಬೇಕು. ಮೇಸ್ತ್ರಿ ಮಧ್ಯಾಹ್ನ ಕೇಳಿದ್ದು ಇದನ್ನೇ.

ಆ ಭಾನುವಾರ ನಾವೂ ಕೆಲಸದವರ ಜೊತೆ ಸೇರಿ ಪ್ರತಿ ಬೋರ್ಡನ್ನೂ ಎತ್ತಿದ್ವಿ. ಯಾವುದನ್ನೂ ಇದ್ದಲ್ಲೇ ಒತ್ತಿ ಕೂರಿಸಲಿಲ್ಲ. ತೇಲಿ ಕೂತ ಬೋರ್ಡಿನ ಕೆಳಗೆ ಮರಳು, ಗಾರೆಯ ಚೂರು ಸೇರಿರುತ್ತೆ. ಮೇಲೆ 80 ಕೆಜಿ ಬಿದ್ದಾಗ ಆ ಚೂರು ಮೆಂಬ್ರೇನಿಗೆ ಇಳಿಯುತ್ತೆ. ಗುಡಿಸಿ, ತೊಳೆದು, ಮತ್ತೆ 48 ಗಂಟೆ ನೀರು ನಿಲ್ಲಿಸಿದ್ವಿ. ಎರಡನೇ ದಿನ ಕೆಳಗಿನ ಸೀಲಿಂಗಿನಲ್ಲಿ ಅಂಗೈಯಗಲ ತೇವ ಕಂಡಿತು. ಮೇಲೆ ಹುಡುಕಿದರೆ ಒಂದು ಮೊಳೆ ಮೆಂಬ್ರೇನಿಗೆ ಚುಚ್ಚಿಕೊಂಡಿತ್ತು. ತೇಪೆ ಹಾಕೋದು ಅರ್ಧ ಗಂಟೆಯ ಕೆಲಸ. ಅದೇ ಮೊಳೆ ಕಲ್ಲು ಹಾಸಿದ ಮೇಲೆ ಸೋರಿದ್ದರೆ ಎಂಟೂವರೆ ಟನ್ನಿನ ಕೆಳಗೆ ಹುಡುಕಬೇಕಿತ್ತು. ಈ ಬಗೆಯ ತಾರಸಿಯ ದೊಡ್ಡ ತೊಂದರೆ ಇದೇ: ಮೆಂಬ್ರೇನ್ ಬಹಳ ದಿನ ಬಾಳುತ್ತೆ, ಕಣ್ಣಿಗೆ ಮಾತ್ರ ಕಾಣೋದಿಲ್ಲ.

ಇನ್ನೊಂದು ತಪ್ಪು ಸ್ವಲ್ಪದರಲ್ಲೇ ತಪ್ಪಿತು. ಬಟ್ಟೆಯ ರೋಲ್ ಸಾಲದೆ ಬಂದಾಗ "ಪಾಲಿಥೀನ್ ಶೀಟ್ ಹಾಸಿದ್ರೆ ಸಾಕಲ್ವಾ" ಅಂದವರು ನಮ್ಮಲ್ಲೇ ಒಬ್ಬರು. ಪಾಲಿಥೀನ್ ಹಾಸಿದರೆ ಬೋರ್ಡಿನ ಕೆಳಗಿನ ತೇವ ಆವಿಯಾಗಿ ಹೊರಗೆ ಹೋಗೋಕೆ ದಾರಿಯಿಲ್ಲ. ಆವಿ ಬೋರ್ಡಿನೊಳಗೇ ನುಗ್ಗಿ ನೀರಾಗಿ ನಿಲ್ಲುತ್ತೆ, ವರ್ಷಗಳು ಕಳೆದ ಹಾಗೆ ಶಾಖ ತಡೆಯೋ ಗುಣ ಕುಗ್ಗುತ್ತೆ. ಬಟ್ಟೆ ನೀರನ್ನೂ ಆವಿಯನ್ನೂ ಬಿಡುತ್ತೆ, ಮಣ್ಣನ್ನ ಮಾತ್ರ ಹಿಡಿಯುತ್ತೆ. ಜೊತೆಗೆ ಒಂದು ಬೋರ್ಡ್ ಏಳಲು ನೋಡಿದರೆ ಪಕ್ಕದ ಕಲ್ಲಿನ ಭಾರವೂ ಅದರ ಮೇಲೆ ಬರುವ ಹಾಗೆ ಎಲ್ಲವನ್ನೂ ಒಂದು ಚಾಪೆಯಂತೆ ಹಿಡಿಯುತ್ತೆ. ಹೊಸ ರೋಲಿಗೆ ಎರಡು ದಿನ ಕಾದ್ವಿ.

ಎರಡನೇ ಸಲ ತಗ್ಗಿನ ಬದಿಯಿಂದ ಶುರು ಮಾಡಿದ್ವಿ, ನೀರು ಮೊದಲು ನಿಲ್ಲೋದು ಅಲ್ಲಿ ಅಂತ. ನಾಲ್ಕು ಸಾಲು ಬೋರ್ಡ್, ಅದರ ಮೇಲೆ ಬಟ್ಟೆ, ಅದರ ಮೇಲೆ ಕಲ್ಲು, ಆಮೇಲೆ ಮುಂದಿನ ನಾಲ್ಕು ಸಾಲು. ಸಂಜೆ ನಾಲ್ಕರ ಮೇಲೆ ಹೊಸ ಬೋರ್ಡ್ ಬಿಚ್ಚುವಂತಿಲ್ಲ. ಗೋಣಿಚೀಲದ ಬದಲು ಬಾಯಿಗಳಿಗೆ ಜಾಲರಿ ಕೂರಿಸಿದ್ವಿ. ಮೂರನೇ ದಿನ ಸಂಜೆ ಮೋಡ ಕವಿದಾಗ ಕೊನೆಯ ಸಾಲು ಇನ್ನೂ ಬತ್ತಲಿತ್ತು. ಮೇಸ್ತ್ರಿ ನಮ್ಮ ಕಡೆ ನೋಡಿ, "ಏನ್ ಮಾಡೂಣ್ರಿ ಸರ?" ಅಂದರು. ನಾವು ಹೇಳಿದ್ವಿ, "ನೀವೇ ಹೇಳಿ ಮೇಸ್ತ್ರಿ." ಅವರು ನಗಲಿಲ್ಲ. ಚೀಲ ಹೊರೋಕೆ ಕೈ ಕೊಡಿ ಅಂದರು. ಹನ್ನೆರಡು ಚೀಲ ಹೊತ್ತು ಹಾಕೋ ಹೊತ್ತಿಗೆ ಮೊದಲ ಹನಿ ಬಿತ್ತು.