ನಮಸ್ಕಾರ್ರೀ ಸರ್ ಅಂದರೆ ಯಂತ್ರ ಏನನ್ನಬೇಕು?

ನಮ್ಮ ಸೊಸೈಟಿಯಲ್ಲಿ ಗದಗ ಕಡೆಯ ಒಬ್ಬ ನಿವೃತ್ತ ಪೋಸ್ಟ್ ಮಾಸ್ತರ್ ಇದ್ದಾರೆ. ಮಗನ ಜೊತೆ ಪುಣೆಗೆ ಬಂದವರು, ವಯಸ್ಸು 76. ಜನವರಿ ಮೊದಲ ವಾರ ಮನೆಗೆ ಬಂದು, "ಸಾಹೇಬ್ರ, ಡಿಸೆಂಬರ್ ಪಿಂಚಣಿ ಬಂದಿಲ್ರೀ" ಅಂದರು. ಜೀವನ ಪ್ರಮಾಣ ಪತ್ರ ಕೊಟ್ಟಿರಾ ಅಂತ ಕೇಳಿದೆ. "ಬ್ಯಾಂಕಿನ ಸಾಹೇಬ್ರಿಗೆ ನವೆಂಬರ್‌ನಾಗ ಬರದೀನಲ್ರೀ, ನೋಡ್ತೀವಿ ಅಂದಾರ" ಅಂತ ಮೊಬೈಲ್ ತೋರಿಸಿದರು.

ನೋಡಿದರೆ ಅದು ಬ್ಯಾಂಕಿನ ಚಾಟ್ ಕಿಟಕಿ. ಸಾಹೇಬರೂ ಇಲ್ಲ, ಗುಮಾಸ್ತರೂ ಇಲ್ಲ, ಬರೀ ಯಂತ್ರ. ಮಾಸ್ತರು ಬರೆದಿದ್ದು ಹೀಗೆ: "ನಮಸ್ಕಾರ್ರೀ ಸರ್. ನಾನು ಪುಣೆಯಲ್ಲಿದ್ದೇನೆ. ಜೀವನ ಪ್ರಮಾಣ ಪತ್ರ ಇಲ್ಲೇ ಕೊಡಬಹುದೇ?" ಅದಕ್ಕೆ ಬಂದದ್ದು ಒಂದು ಸ್ವಾಗತ ಮತ್ತು ಸಾಲ, ಠೇವಣಿ, ಕಾರ್ಡುಗಳ ಪಟ್ಟಿ. ಪಾಪ, ಅವರು "ಸರ್, ದಯಮಾಡಿ ನೀವೇ ನೋಡಿರಿ" ಅಂತ ಇನ್ನೊಮ್ಮೆ ಬರೆದರು. ನಿಮ್ಮ ವಿಷಯ ಗಮನಿಸುತ್ತೇವೆ ಅಂತ ಉತ್ತರ ಬಂತು. ಸಾಹೇಬರು ಮಾತು ಕೊಟ್ಟರು ಅಂತ ಮಾಸ್ತರು ನಿಶ್ಚಿಂತೆಯಿಂದ ಕೂತುಬಿಟ್ಟರು!

ಬೇರೆ ಬೇರೆ ಕಚೇರಿಗಳಲ್ಲಿ ಇಂಥ ಉತ್ತರಗಳ ಕರಡು ತಿದ್ದುವ ಕೆಲಸ ನನಗೂ ಬಿದ್ದಿದೆ. ಹಾಗಾಗಿ ತಪ್ಪು ಎಲ್ಲಾಗಿರಬಹುದು ಅಂತ ಊಹಿಸಬಲ್ಲೆ. ಹಳೆಯ ಮಾದರಿಯ ಯಂತ್ರಗಳು ಪದ ಹುಡುಕುತ್ತವೆ. "ನಮಸ್ಕಾರ" ಸಿಕ್ಕ ಕೂಡಲೇ ಇದು ಬರೀ ಶುಭಾಶಯ ಅಂತ ತೀರ್ಮಾನಿಸಿ ಮುಂದಿನ ಸಾಲನ್ನು ಬಿಟ್ಟುಬಿಡುತ್ತವೆ. ನಮ್ಮವರೋ, ನಮಸ್ಕಾರ, ಸರ್ ಇಲ್ಲದೆ ಮಾತು ಶುರು ಮಾಡುವವರಲ್ಲ. ಮರ್ಯಾದೆ ಕೊಟ್ಟವರಿಗೇ ಉತ್ತರ ಸಿಗುವುದಿಲ್ಲ! ಪರೀಕ್ಷೆ ಮಾಡುವುದು ಸುಲಭ. ಒಂದೇ ಪ್ರಶ್ನೆಯನ್ನು "ನಮಸ್ಕಾರ ಸರ್" ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಬರೆಯಿರಿ. ಉತ್ತರ ಬೇರೆಯಾದರೆ ದೋಷ ಅಲ್ಲೇ ಇದೆ.

ಹಾಗಾದರೆ ಸರ್, ಮೇಡಂ ಅಂದಾಗ ಯಂತ್ರ ಏನು ಮಾಡಬೇಕು? "ನಾನು ಸರ್ ಅಲ್ಲ, ಮೇಡಂ ಅಲ್ಲ" ಅಂತ ಪಾಠ ಹೇಳುವುದು ನನಗೆ ಸರಿಕಾಣದು. ಕೌಂಟರಿನ ಮುಂದೆ ನಿಂತವರು ಸರ್ ಅನ್ನುವುದು ಕುರ್ಚಿಯಲ್ಲಿ ಕೂತವರ ಗುರುತು ತಿಳಿದು ಅಲ್ಲ, ಅದು ಅವರ ನಡತೆ. ನಮಸ್ಕಾರಕ್ಕೆ ನಮಸ್ಕಾರ ಹೇಳಿ, "ನೀವು" ಅಂತ ಮಾತಾಡಿ, ನೇರ ವಿಷಯಕ್ಕೆ ಬಂದರೆ ಸಾಕು. ಬರೀ "ನಮಸ್ಕಾರ ಸರ್" ಅಂತ ಬರೆದು ಕಾಯುವವರಿಗೆ "ನಮಸ್ಕಾರ, ಯಾವ ವಿಷಯ ತಿಳಿಯಬೇಕಿತ್ತು?" ಅಂತ ಕೇಳಿದರಾಯಿತು.

ತಿರುಗಿ "ಸರ್" ಅನ್ನುವಾಗ ಮಾತ್ರ ಎಚ್ಚರ ಬೇಕು. ಖಾತೆಯ ಹೆಸರು ಕಿರಣ್, ಶಶಿ ಅಂತಿದ್ದರೆ ಗಂಡೋ ಹೆಣ್ಣೋ ಹೇಗೆ ಗೊತ್ತಾಗಬೇಕು? ಈ ವಿಷಯದಲ್ಲಿ ಕನ್ನಡ ಪುಣ್ಯವಂತ ಭಾಷೆ. "ತಿಳಿಸುತ್ತೇನೆ" ಅಂದರೆ ಹೇಳಿದವರು ಗಂಡೂ ಆಗಬಹುದು, ಹೆಣ್ಣೂ ಆಗಬಹುದು. ಇಲ್ಲಿಯ ಮರಾಠಿಯಲ್ಲಿ ಹಾಗಲ್ಲ, ಸಾಂಗತೋ ಅಥವಾ ಸಾಂಗತೇ, ಎರಡರಲ್ಲಿ ಒಂದನ್ನು ಆರಿಸಲೇಬೇಕು. ಹಿಂದಿಯಲ್ಲೂ ಅದೇ ಕಥೆ. ಅಲ್ಲಿ "ಮಾಹಿತಿ ಹೀಗಿದೆ" ಅಂತ ವಾಕ್ಯವನ್ನೇ ಬದಲಿಸಿ ಬರೆಯುವುದು ಜಾಣತನ.

ಆದರೆ ಮಾಸ್ತರ ಎರಡನೇ "ಸರ್" ಬರೀ ಮರ್ಯಾದೆಯದಲ್ಲ ನೋಡಿ. "ನೀವೇ ನೋಡಿರಿ" ಅಂದಾಗ ಅವರು ಒಬ್ಬ ಮನುಷ್ಯನ ಮೇಲೆ ಭಾರ ಹಾಕಿದ್ದರು. ನಿಮ್ಮ ಹೆಸರೇನು, ನಾಳೆ ಕೌಂಟರಿನಲ್ಲಿ ಇರುತ್ತೀರಾ, ನೀವೇ ಮಾಡಿಕೊಡಿ... ಇಂಥ ಮಾತು ಬಂದ ಕ್ಷಣ ಸತ್ಯ ಹೇಳಲೇಬೇಕು. ನಾನಾಗಿದ್ದರೆ ಉತ್ತರವನ್ನು ಹೀಗೆ ಬರೆಯುತ್ತಿದ್ದೆ:

"ಇಲ್ಲಿ ಉತ್ತರಿಸುತ್ತಿರುವುದು ಯಂತ್ರ. ಈ ಕೆಲಸ ಇಲ್ಲಿಂದ ಆಗುವುದಿಲ್ಲ. ಪುಣೆಯ ನಮ್ಮ ಯಾವುದೇ ಶಾಖೆಯಲ್ಲಿ ಅಥವಾ ಮೊಬೈಲಿನ ಜೀವನ್ ಪ್ರಮಾಣ್ ಮೂಲಕ ನವೆಂಬರ್ 30ರೊಳಗೆ ನೀವು ಪತ್ರ ಕೊಡಬೇಕು."

"ಗಮನಿಸುತ್ತೇವೆ" ಅನ್ನುವ ಪದವನ್ನಂತೂ ಅಳಿಸಿಬಿಡುತ್ತಿದ್ದೆ. ಬ್ಯಾಂಕಿನವರ ಬಾಯಲ್ಲಿ ಅದು ಹಿರಿಯರಿಗೆ ಭಾಷೆ ಕೊಟ್ಟ ಹಾಗೆ.

ಮರುದಿನ ಮಾಸ್ತರನ್ನು ಕರೆದುಕೊಂಡು ಅವರ ಬ್ಯಾಂಕಿನ ಇಲ್ಲಿಯ ಶಾಖೆಗೆ ಹೋದೆ. ಹತ್ತು ನಿಮಿಷದ ಕೆಲಸ. ಜನವರಿ ಕೊನೆಗೆ ಬಾಕಿ ಸೇರಿಸಿ ಹಣ ಬಂತು. ಆದರೆ ನಡುವಿನ ಒಂದು ತಿಂಗಳು ಔಷಧಿಗೆ ಮಗನ ಮುಂದೆ ಕೈಚಾಚಬೇಕಾಯಿತಲ್ಲ, ಅದನ್ನು ಅವರು ಇನ್ನೂ ಮರೆತಿಲ್ಲ.

ಅದು ಯಂತ್ರ ಅಂತ ತಿಳಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲ ಹೇಳಬೇಕಿತ್ತಲ್ರೀ ಅದು" ಅಂದರು. ನಿನ್ನೆ ಅವರ ಮೊಬೈಲ್ ನೋಡಿದೆ. ಬಡ್ಡಿ ಎಷ್ಟು ಅಂತ ಏನೋ ಕೇಳಿದ್ದಾರೆ. ಶುರುವಿನಲ್ಲಿ ಈಗಲೂ "ನಮಸ್ಕಾರ್ರೀ ಸರ್" ಅಂತಲೇ ಇದೆ.