ಮೊದಲ ಅಕ್ಷರ

ಉಗ್ಗುವವರ ಮಾತು ಎಲ್ಲೆಂದರಲ್ಲಿ ತಡೆಯುತ್ತದೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರೆ ಹಾಗಲ್ಲ ಎಂದು ಗೊತ್ತಾಗುತ್ತದೆ. ಪದದ ಕೊನೆಯಲ್ಲಿ ಉಗ್ಗುವವರು ತೀರಾ ಅಪರೂಪ. ತಡೆ ಬೀಳುವುದು ಹೆಚ್ಚಾಗಿ ಪದದ ಮೊದಲ ಅಕ್ಷರದಲ್ಲಿ. ಅದರಲ್ಲೂ ವಾಕ್ಯ ಶುರುವಾಗುವಲ್ಲಿ, ಉಸಿರು ತೆಗೆದುಕೊಂಡು ಮತ್ತೆ ಮಾತಿಗೆ ಇಳಿಯುವಲ್ಲಿ. ‘ಗಾಳಿ’ ಎನ್ನುವಾಗ ಗಂಟಲು ಹಿಡಿಯುವ ಅದೇ ‘ಗಾ’, ‘ಮಳೆಗಾಲ’ದ ನಡುವೆ ಬಂದಾಗ ಸದ್ದಿಲ್ಲದೆ ದಾಟಿಹೋಗುತ್ತದೆ.

ಅಮೆರಿಕದ ಅಯೋವಾದಲ್ಲಿ ಸ್ಪೆನ್ಸರ್ ಬ್ರೌನ್ ಎಂಬವರು 1930ರ ಮತ್ತು 1940ರ ದಶಕಗಳಲ್ಲಿ ಇದನ್ನೇ ಎಣಿಸಿ ನೋಡಿದ್ದರು. ಇಂಗ್ಲಿಷಿನಲ್ಲಿ ಉಗ್ಗುವ ವಯಸ್ಕರಿಗೆ ಯಾವ ಪದಗಳು ಹೆಚ್ಚು ಕಷ್ಟ ಎಂದು ನೋಡಿದಾಗ ಅವರಿಗೆ ನಾಲ್ಕು ಗುಣಗಳು ಕಂಡವು. ವ್ಯಂಜನದಿಂದ ಶುರುವಾಗುವ ಪದ, ಉದ್ದನೆಯ ಪದ, ವಾಕ್ಯದ ಆರಂಭದಲ್ಲಿರುವ ಪದ, ಮತ್ತು ಅರ್ಥದ ಭಾರ ಹೊತ್ತ ಪದ. ನಾಲ್ಕೂ ಒಂದೇ ಕಡೆ ಸೇರಿದರೆ ಅಲ್ಲಿ ಸಿಕ್ಕಿಬೀಳುವ ಸಂಭವ ಹೆಚ್ಚು. ಹಾಗಿದ್ದರೆ ಈ ನಾಲ್ಕೂ ಒಂದೆಡೆ ಸೇರದಂತೆ ಬರೆಯಲು ಸಾಧ್ಯವೇ? ಕನ್ನಡದಲ್ಲಿ ಸಾಧ್ಯ, ಅದೂ ಕನ್ನಡದ ಸ್ವಭಾವಕ್ಕೆ ಒಗ್ಗುವ ಹಾಗೆಯೇ ಸಾಧ್ಯ ಎಂದು ನನಗೆ ತಿಳಿದದ್ದು ನೆಲ್ಸನ್ನಿನ ನಮ್ಮ ಅಡುಗೆಮನೆಯ ಮೇಜಿನ ಮೇಲೆ.

ಅಕ್ಕನ ಮಗ ಇದೇ ಊರಿನಲ್ಲಿದ್ದಾನೆ. ಚಿಕ್ಕಂದಿನಿಂದಲೂ ಉಗ್ಗು. ‘ಕ’, ‘ಗ’, ‘ತ’, ‘ಪ’ ಅವನ ಹಳೆಯ ಶತ್ರುಗಳು. ‘ಮ’, ‘ನ’, ‘ಸ’, ‘ಹ’ ತೊಂದರೆ ಕೊಡುವುದಿಲ್ಲ. “ನೆಲ್ಸನ್‌ನಲ್ಲಿ ಕೆಲಸ ಸಿಕ್ಕಿದ್ದು ಪುಣ್ಯ ಚಿಕ್ಕಮ್ಮ, ಪಿಕ್ಟನ್‌ನಲ್ಲಿ ಸಿಕ್ಕಿದ್ರೆ ಅಡ್ರೆಸ್ ಹೇಳೋಕ್ಕೆ ಅರ್ಧ ದಿನ ಬೇಕಾಗ್ತಿತ್ತು” ಎಂದು ಅವನೇ ನಗುತ್ತಾನೆ. ತಮಾಷೆಯಲ್ಲಿ ಶಾಸ್ತ್ರವೂ ಇದೆ. ‘ಪ’ ಹೇಳಲು ತುಟಿ, ‘ತ’ ಹೇಳಲು ನಾಲಿಗೆಯ ತುದಿ, ‘ಕ’ ಹೇಳಲು ನಾಲಿಗೆಯ ಹಿಂಭಾಗ ಗಾಳಿಯ ದಾರಿಯನ್ನು ಪೂರಾ ಮುಚ್ಚಬೇಕು, ಆಮೇಲೆ ಬಿಡಬೇಕು. ಅವನಿಗೆ ಮುಚ್ಚಿದ್ದು ಬಿಡುವುದಿಲ್ಲ. ‘ಮ’, ‘ನ’ಗಳಲ್ಲಿ ಬಾಯಿ ಮುಚ್ಚಿದರೂ ಮೂಗಿನ ದಾರಿ ತೆರೆದೇ ಇರುತ್ತದೆ. ‘ಸ’, ‘ಹ’ಗಳಲ್ಲಿ ಗಾಳಿ ನಿಲ್ಲುವುದೇ ಇಲ್ಲ. ಎಲ್ಲರ ಪಟ್ಟಿಯೂ ಇದೇ ಅಲ್ಲ. ಕೆಲವರಿಗೆ ಸ್ವರಗಳೇ ಕಷ್ಟ, ಗಂಟಲೊಳಗೇ ಬಾಗಿಲು ಹಾಕಿದಂತಾಗುತ್ತದೆ. ಆದ್ದರಿಂದ ಮೊದಲ ಕೆಲಸ, ಮಾತಾಡುವವರನ್ನೇ ಕೇಳಿ ಅವರ ಪಟ್ಟಿ ಮಾಡಿಕೊಳ್ಳುವುದು.

ಅವನ ಅಪ್ಪ ಅಮ್ಮ, ಎಂದರೆ ನನ್ನ ಭಾವ ಮತ್ತು ಅಕ್ಕ, ತಿಪಟೂರಿನಿಂದ ಇಲ್ಲಿಗೆ ಬಂದಿದ್ದರು. ಭಾವನಿಗೆ ಅರವತ್ತು ತುಂಬುತ್ತಿತ್ತು. ಇಲ್ಲಿರುವ ನಾಲ್ಕಾರು ಕನ್ನಡದ ಮನೆಯವರನ್ನೂ ಅವನ ಜೊತೆ ಕೆಲಸ ಮಾಡುವ ಕೆಲವರನ್ನೂ ಕರೆದು ಒಂದು ಊಟ ಇಟ್ಟುಕೊಂಡಿದ್ದರು. ಇಂಥ ಕಡೆ ಇಷ್ಟು ವರ್ಷ ಮಾತಾಡುತ್ತಿದ್ದವಳು ಅವನ ಹೆಂಡತಿ. ಈ ಸಲ ಅವನು, “ನಾನೇ ಮಾತಾಡ್ತೀನಿ, ಕನ್ನಡದಲ್ಲೇ. ನೀವು ಬರ್ಕೊಡಿ ಚಿಕ್ಕಮ್ಮ” ಅಂದ. ಹೇಳಬೇಕಾದ್ದನ್ನು ಅವನು ಹೇಳಿದ, ನಾನು ಬರೆದೆ. ಆಮೇಲೆ ಇಬ್ಬರೂ ಕೂತು ತಿದ್ದಿದೆವು.

ಮೊದಲ ಸಾಲನ್ನು ಸಭೆಯ ರೂಢಿಯಂತೆ ಬರೆದಿದ್ದೆ: “ಪ್ರೀತಿಯ ಬಂಧುಗಳೇ, ಗೆಳೆಯರೇ, ತಮಗೆಲ್ಲರಿಗೂ ನಮಸ್ಕಾರ.” ಓದಲು ಚೆನ್ನಾಗಿಯೇ ಇದೆ. ಆದರೆ ಎಣಿಸಿ ನೋಡಿ. ಪ್ರತಿ ಅಲ್ಪವಿರಾಮದಲ್ಲೂ ಉಸಿರು ನಿಲ್ಲುತ್ತದೆ, ನಿಂತ ಮೇಲೆ ಹೊಸದಾಗಿ ಹೊರಡಬೇಕು. ಹೊರಡುವ ಜಾಗಗಳಲ್ಲಿರುವುದು ‘ಪ್ರ’, ‘ಗ’, ‘ತ’. ಮೂರು ಸಲ ಬಾಗಿಲು ಮುಚ್ಚಿ ತೆರೆಯಬೇಕು. ಅದರ ಬದಲು “ಎಲ್ಲರಿಗೂ ನಮಸ್ಕಾರ” ಎಂದಿಟ್ಟೆವು. ಆಡುಮಾತಿನಲ್ಲಿ ನಾವು ‘ಎಲ್ಲ’ ಎನ್ನುವುದಿಲ್ಲ, ‘ಯೆಲ್ಲ’ ಎನ್ನುತ್ತೇವೆ. ‘ಒಂದು’ ಎನ್ನುವುದಿಲ್ಲ, ‘ವೊಂದು’ ಎನ್ನುತ್ತೇವೆ. ಮೇಷ್ಟ್ರು ತಿದ್ದುತ್ತಿದ್ದ ಆ ‘ಯ’ಕಾರ, ‘ವ’ಕಾರಗಳು ಇಲ್ಲಿ ಉಪಕಾರಕ್ಕೆ ಬಂದವು. ದನಿ ಜಾರಿಕೊಂಡು ಒಳಗೆ ಬರುತ್ತದೆ, ಧಡಕ್ಕನೆ ಶುರುವಾಗಬೇಕಿಲ್ಲ. ಹಳಗನ್ನಡದ ‘ಪಾಲು’ ನಮ್ಮ ಬಾಯಲ್ಲಿ ‘ಹಾಲು’ ಆಗಿ, ‘ಪೋಗು’ ‘ಹೋಗು’ ಆಗಿರುವುದೂ ಅವನಿಗೆ ಸಿಕ್ಕ ದೊಡ್ಡ ರಿಯಾಯಿತಿ. ಪಂಪನ ಕಾಲದಲ್ಲಿ ಹುಟ್ಟಿದ್ದರೆ ಅವನ ಪಟ್ಟಿ ಇನ್ನೂ ಉದ್ದವಾಗುತ್ತಿತ್ತು.

ಎರಡನೆಯ ಸಾಲು ನಿಜವಾಗಿ ತಲೆ ತಿಂದಿತು. ಅವನ ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ನಾನು ಬರೆದದ್ದು ಹೀಗಿತ್ತು: “ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಪ್ರತಿದಿನ ಬೆಳಗ್ಗೆ ಐದು ಗಂಟೆಗೆ ಏಳುತ್ತಿದ್ದರು.” ಅವನು ‘ತಿ’ಯಲ್ಲೇ ನಿಂತ. ದಾಟಿದ ಮೇಲೆ ‘ಕೊ’ದಲ್ಲಿ ನಿಂತ. ತಿಪಟೂರನ್ನಾಗಲಿ ಕೊಬ್ಬರಿಯನ್ನಾಗಲಿ ಬಿಡುವಂತಿಲ್ಲ. ಕೊಬ್ಬರಿ ಎನ್ನದೆ ತಿಪಟೂರಿನ ಮಾತೇ ಇಲ್ಲ. ಪದ ಬದಲಿಸಲಾಗದಿದ್ದರೆ ಜಾಗ ಬದಲಿಸಬಹುದು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಅದರ ಹಿಂದಿನ ಪದಗಳನ್ನು ಬಹುಮಟ್ಟಿಗೆ ಬೇಕಾದ ಹಾಗೆ ಕೂರಿಸಬಹುದು. ‘ಕೊಬ್ಬರೀಲಿ’, ‘ಮಂಡೀಲಿ’ ಎಂದು ಪ್ರತ್ಯಯ ಪದಕ್ಕೇ ಅಂಟಿರುವುದರಿಂದ ಎಲ್ಲಿ ಕೂತರೂ ಅರ್ಥ ಕೆಡುವುದಿಲ್ಲ. ಕೊನೆಗೆ ಹೀಗಾಯಿತು:

“ನಮ್ಮೂರು ತಿಪಟೂರು. ಅಲ್ಲಿ ಮಂಡಿ ಅಂದ್ರೆ ಕೊಬ್ಬರಿ ಮಂಡೀನೇ. ನಮ್ಮಪ್ಪ ಆ ಮಂಡೀಲಿ ಲೆಕ್ಕ ಬರೀತಿದ್ರು. ಐದಕ್ಕೆಲ್ಲ ಎದ್ದುಬಿಡೋರು.”

ಒಂದು ಉದ್ದ ವಾಕ್ಯ ನಾಲ್ಕು ಚಿಕ್ಕ ವಾಕ್ಯವಾಯಿತು. ಚಿಕ್ಕದಾದದ್ದರಿಂದಲೇ ಸುಲಭವಾಯಿತು ಎನ್ನುವಂತಿಲ್ಲ. ವಾಕ್ಯ ಹೆಚ್ಚಾದರೆ ಆರಂಭಗಳೂ ಹೆಚ್ಚು, ಅದು ನಷ್ಟವೇ. ಇಲ್ಲಿ ಸುಲಭವಾದದ್ದು ನಾಲ್ಕೂ ಆರಂಭಗಳು ‘ನ’ ಅಥವಾ ಸ್ವರದಲ್ಲಿ ಇರುವುದರಿಂದ. ‘ತಿಪಟೂರು’, ‘ಕೊಬ್ಬರಿ’ ಈಗಲೂ ಇವೆ, ಆದರೆ ದನಿ ಹೊರಟು ಓಡುತ್ತಿರುವಾಗ ಬರುತ್ತವೆ. ‘ನಮ್ಮೂರು’, ‘ನಮ್ಮಪ್ಪ’ಗಳಲ್ಲಿ ಲೋಪಸಂಧಿ ಇದೆ. ಎರಡು ಪದ ಒಂದಾಗಿ ಒಂದು ಆರಂಭ ಉಳಿಯಿತು. ಶಾಲೆಯಲ್ಲಿ ಕಲಿತ ಆದೇಶಸಂಧಿ ಇನ್ನೂ ಒಂದು ಹೆಜ್ಜೆ ಮುಂದೆ. ‘ಮಳೆ’ ಮತ್ತು ‘ಕಾಲ’ ಸೇರಿದರೆ ‘ಕ’ ಹೋಗಿ ‘ಗ’ ಬರುತ್ತದೆ, ಎಂದರೆ ದನಿ ನಿಲ್ಲದೆ ಮುಂದುವರಿಯುತ್ತದೆ. ಸಂಧಿ ಎಂದರೆ ಉಸಿರು ಮುರಿಯದಿರುವ ಏರ್ಪಾಡು ಎಂದು ಪರೀಕ್ಷೆಗೆ ಓದುವಾಗ ನನಗೆ ಹೊಳೆದಿರಲಿಲ್ಲ.

ಇಂಥ ತಿದ್ದುವಿಕೆಗೆ ದೊಡ್ಡ ಮನೆಯ ಉದಾಹರಣೆ ಇದೆ, ಅದಕ್ಕೆ ನಮ್ಮೂರಿನ ನಂಟೂ ಇದೆ. ಮುಂದೆ ಆರನೆಯ ಜಾರ್ಜ್ ದೊರೆಯಾದ ಯಾರ್ಕ್ ಡ್ಯೂಕ್ 1927ರ ಮಾರ್ಚಿನಲ್ಲಿ ನೆಲ್ಸನ್ನಿಗೆ ಬಂದಿದ್ದ. ಜೊತೆಗೆ ಬಂದ ಹೆಂಡತಿಗೆ ಇಲ್ಲಿ ಗಂಟಲು ಬಾತು ಜ್ವರ ಬಂತು, ದಕ್ಷಿಣ ದ್ವೀಪದ ಉಳಿದ ಪ್ರವಾಸವನ್ನು ಆತ ಒಬ್ಬನೇ ಮಾಡಬೇಕಾಯಿತು. ಜನರೊಡನೆ ಬೆರೆತು ಮಾತಾಡುವ ಹೆಂಡತಿ ಪಕ್ಕದಲ್ಲಿಲ್ಲದೆ, ಉಗ್ಗುವ ಗಂಡ ಊರೂರಲ್ಲಿ ಮಾತಾಡುವುದು ಎಂದರೆ ಏನು ಎಂದು ನಮ್ಮ ಹುಡುಗನಿಗೆ ಯಾರೂ ವಿವರಿಸಬೇಕಾಗಿಲ್ಲ. ಅದರ ಹಿಂದಿನ ವರ್ಷದ ಅಕ್ಟೋಬರಿನಲ್ಲಷ್ಟೇ ಆತ ಆಸ್ಟ್ರೇಲಿಯಾದ ಲಯನಲ್ ಲೋಗ್ ಹತ್ತಿರ ಅಭ್ಯಾಸಕ್ಕೆ ಹೋಗಲು ಶುರುಮಾಡಿದ್ದ. 1939ರ ಸೆಪ್ಟೆಂಬರ್ 3ರಂದು ಯುದ್ಧದ ಸುದ್ದಿಯನ್ನು ರೇಡಿಯೋದಲ್ಲಿ ಹೇಳುವಾಗಲೂ ಲೋಗ್ ಜೊತೆಗಿದ್ದರು. ಎಲ್ಲಿ ನಿಲ್ಲಬೇಕು ಎಂದು ಭಾಷಣದ ಹಾಳೆಯ ಮೇಲೆ ಅವರು ಗೀಟು ಹಾಕಿದ್ದರು. ‘ಗವರ್ನಮೆಂಟ್’ ಎಂದಿದ್ದ ಕಡೆ ‘ಅವರ್‌ಸೆಲ್ವ್ಸ್’ ಆಯಿತು. ‘ಗ’ ಹೋಗಿ ಸ್ವರ ಬಂತು. ನಾವು ಮೇಜಿನ ಮೇಲೆ ಮಾಡಿದ್ದೂ ಇಷ್ಟೇ.

ಆದರೆ ಒಂದು ಗೆರೆ ಇದೆ, ಅದನ್ನು ದಾಟಬಾರದು. ಕಷ್ಟದ ಪದ ಬಂದಾಗಲೆಲ್ಲ ಬೇರೆ ಪದಕ್ಕೆ ಹಾರುವುದು ಉಗ್ಗುವವರಿಗೆ ತಾನಾಗಿ ಬರುವ ವಿದ್ಯೆ. ಕಾಫಿ ಬೇಕಿದ್ದರೂ ‘ಕ’ಗೆ ಹೆದರಿ ಹಾಲು ಎಂದು ಹೇಳಿ ಹಾಲು ಕುಡಿದು ಬರುತ್ತಾರೆ. ವಾಕ್ ಚಿಕಿತ್ಸೆಯವರು ಇದನ್ನು ಒಪ್ಪುವುದಿಲ್ಲ. ಪದದಿಂದ ಓಡಿದಷ್ಟೂ ಪದದ ಭಯ ಬೆಳೆಯುತ್ತದೆ. ಹೆಸರು, ಊರು, ಫೋನ್ ನಂಬರುಗಳಿಗೆ ಬದಲಿ ಪದವೂ ಇಲ್ಲ, ಅದಕ್ಕೇ ಎಷ್ಟೋ ಜನ ತಮ್ಮ ಹೆಸರು ಹೇಳುವಲ್ಲೇ ಸಿಕ್ಕಿಬೀಳುತ್ತಾರೆ. ಆದ್ದರಿಂದ ನಾವು ಒಂದು ಕರಾರು ಮಾಡಿಕೊಂಡೆವು. ಭಾರವಿಲ್ಲದ ಪದಗಳನ್ನು ಬದಲಿಸೋಣ, ಪದಗಳ ಜಾಗ ಬದಲಿಸೋಣ, ಅವನು ಹೇಳಬೇಕೆಂದಿರುವ ಪದವನ್ನು ಮಾತ್ರ ಬದಲಿಸುವುದು ಬೇಡ.

ಕರಾರು ಪರೀಕ್ಷೆಗೆ ಬಂದದ್ದು ಕೊನೆಯ ಸಾಲಿನಲ್ಲಿ. ಚಿಕ್ಕಂದಿನಲ್ಲಿ ಅವನ ಮಾತು ನಿಂತಾಗ ಎಲ್ಲರೂ ತಾವೇ ವಾಕ್ಯ ಮುಗಿಸುತ್ತಿದ್ದರಂತೆ. ಅಪ್ಪ ಮಾತ್ರ ಪೆನ್ನು ಕೆಳಗಿಟ್ಟು, “ಪುಟ್ಟ, ನಂಗೇನೂ ಅರ್ಜೆಂಟಿಲ್ಲ” ಅನ್ನುತ್ತಿದ್ದರಂತೆ. “ಪುಟ್ಟ ಅನ್ನೋದನ್ನ ಮಗ ಅಂತ ಮಾಡೋಣ್ವೇನೋ?” ಎಂದು ಕೇಳಿದೆ. “ಬೇಡ ಚಿಕ್ಕಮ್ಮ. ಅಪ್ಪ ಮಗ ಅಂತಿರ್ಲಿಲ್ಲ. ಪುಟ್ಟ ಅಂತಿದ್ರು” ಅಂದ. ‘ಪ’ ಉಳಿಯಿತು, ಅದೂ ಅಪ್ಪನ ಮಾತಿನ ಮೊದಲಲ್ಲೇ.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ಒಬ್ಬನೇ ಕೂತು ಓದಿದರೆ ಸಾಲದು. ಒಬ್ಬನೇ ಇದ್ದಾಗ ಹೆಚ್ಚಿನವರು ಅಷ್ಟಾಗಿ ಉಗ್ಗುವುದಿಲ್ಲ. ಒಂದೇ ಹಾಳೆಯನ್ನು ನಾಲ್ಕೈದು ಸಲ ಓದಿದರೂ ಉಗ್ಗು ಇಳಿಯುತ್ತಾ ಹೋಗುತ್ತದೆ, ಮರುದಿನಕ್ಕೆ ಬಹುಪಾಲು ಹಿಂದಿರುಗುತ್ತದೆ. ಹಾಗಾಗಿ ದಿನಕ್ಕೆ ಒಂದೇ ಸಲ, ನನ್ನ ಮತ್ತು ಅವನ ಹೆಂಡತಿಯ ಎದುರು ಓದಿಸಿದೆವು. ಒಂದು ದಿನ ಮಾತ್ರ ತಡೆದ ಜಾಗವನ್ನು ಹಾಗೇ ಬಿಟ್ಟೆವು. ಎರಡು ದಿನವೂ ತಡೆದ ಜಾಗದ ಆರಂಭವನ್ನು ತಿದ್ದಿದೆವು. ಕಷ್ಟದ ಪದದ ಹಿಂದೆ ‘ನಮ್ಮ’ ಸೇರಿಸುವ ಉಪಾಯವನ್ನೂ ಮೂರೇ ಕಡೆಗೆ ಮಿತಿಗೊಳಿಸಿದೆವು. ಪದೇಪದೇ ಬಂದರೆ ಅದು ಊರುಗೋಲಾಗಿಬಿಡುತ್ತದೆ. ‘ಅಂದ್ರೆ, ಅಂದ್ರೆ’ ಎಂದು ಶುರುಮಾಡುವವರಿಗೆ ಕಾಲಕ್ರಮದಲ್ಲಿ ‘ಅಂದ್ರೆ’ಯಲ್ಲೇ ಮಾತು ನಿಲ್ಲುತ್ತದೆ.

ಊಟದ ದಿನ ಅವನು ಎದ್ದು ನಿಂತು “ಎಲ್ಲರಿಗೂ ನಮಸ್ಕಾರ” ಅಂದ. ತಿಪಟೂರು ದಾಟಿದ, ಕೊಬ್ಬರಿಯಲ್ಲಿ ಕೊಂಚ ಎಡವಿ ಮುಂದೆ ಹೋದ. ‘ಪುಟ್ಟ’ದಲ್ಲಿ ನಿಂತ. ತುಟಿ ಸೇರಿತು, ಬಿಡಲಿಲ್ಲ. ಪಕ್ಕದಲ್ಲಿದ್ದ ಅಕ್ಕ ಮೆಲ್ಲಗೆ ಬಾಯಿ ತೆರೆದಳು, ಭಾವ ಅವಳ ಕೈ ಹಿಡಿದು ತಡೆದರು. ಯಾರೂ ಅವನ ಪರವಾಗಿ ಆ ಪದ ಹೇಳಲಿಲ್ಲ. ಅದು ಅವನ ಬಾಯಿಂದಲೇ ಬಂತು. ಅಲ್ಲಿ ತಡೆಯಬಹುದೆಂದು ಗೊತ್ತಿದ್ದರಿಂದ ಮುಂದಿನ ವಾಕ್ಯವನ್ನು ನಾವು ‘ಅಮ್ಮ’ನಿಂದ ಶುರುಮಾಡಿದ್ದೆವು. ಅವನು ಉಸಿರು ತೆಗೆದುಕೊಂಡು ಅಮ್ಮನ ವಿಷಯಕ್ಕೆ ಬಂದ.