ಕೈಕೊಟ್ಟವರೂ ಮಾಯವಾದವರೂ

ನಾವು ಕಾಲೇಜಿನಲ್ಲಿದ್ದಾಗ ಪ್ರೀತಿ ಮುರಿದರೆ ಅದಕ್ಕೆ ಇದ್ದದ್ದು ಒಂದೇ ಮಾತು: ‘ಕೈಕೊಟ್ಲು’ ಅಥವಾ ‘ಕೈಕೊಟ್ಟ’. ಮಳೆ ಕೈಕೊಡುತ್ತದೆ, ಬೋರ್‌ವೆಲ್ ಮೋಟಾರು ಕೈಕೊಡುತ್ತದೆ, ಹುಡುಗಿಯೂ ಕೈಕೊಡುತ್ತಾಳೆ. ಮಾತು ಒರಟು, ಆದರೆ ಅದರಲ್ಲಿ ಒಂದು ನ್ಯಾಯವಿತ್ತು. ಯಾರೋ ನಂಬಿದ್ದರು, ಯಾರೋ ಬಿಟ್ಟುಹೋದರು ಎಂಬ ಎರಡೂ ಸಂಗತಿ ಅದರೊಳಗಿದ್ದವು. ಹಾಸ್ಟೆಲ್‌ನಲ್ಲಿ ಯಾರಾದರೂ ‘ಕೈಕೊಟ್ಲು ಕಣೋ’ ಅಂದರೆ ಮುಂದೆ ಏನೂ ಕೇಳದೆ ಚಹಾ ಕುಡಿಸುತ್ತಿದ್ದರು.

ಈಗಿನವರ ಹತ್ತಿರ ಪದಗಳ ದೊಡ್ಡ ಪೆಟ್ಟಿಗೆಯೇ ಇದೆ. ಅದು ನನಗೆ ಗೊತ್ತಾದದ್ದು ಕಾಶಿಯಲ್ಲಿ. ಹೋದ ಜನವರಿಯಲ್ಲಿ ಅಜ್ಜನ ಹೆಸರಿನಲ್ಲಿ ಲಿಂಗ ಇಡಿಸಲು ಜಂಗಮವಾಡಿ ಮಠಕ್ಕೆ ಹೋಗಿದ್ದೆವು. ನಾನು ನೋಯ್ಡಾದಿಂದ ಹೋದೆ, ಅಪ್ಪ ಅಮ್ಮ ಹಾವೇರಿಯಿಂದ ಬಂದರು. ಅವರ ಜೊತೆ ಬೆಂಗಳೂರಿನಲ್ಲಿ ಕೆಲಸ ಮಾಡುವ ಚಿಕ್ಕಪ್ಪನ ಮಗನೂ ಇದ್ದ. ಅವನಿಗೆ ಇಪ್ಪತ್ನಾಲ್ಕು. ಮೂರು ದಿನವೂ ಫೋನನ್ನು ತಿರುವಿ ತಿರುವಿ ನೋಡುತ್ತಿದ್ದ.

ಸಂಕ್ರಾಂತಿಯನ್ನು ಬನಾರಸಿನವರು ಖಿಚಡಿ ಎನ್ನುತ್ತಾರೆ. ಅಂದು ಎಲ್ಲ ತಾರಸಿಗಳ ಮೇಲೂ ಗಾಳಿಪಟ. ಒಂದರ ದಾರ ತುಂಡಾದರೆ ಹುಡುಗರೆಲ್ಲ ‘ಭಾಕ್ಕಾಟಾ’ ಅಂತ ಕೂಗುತ್ತಾರೆ. ಪಕ್ಕದ ತಾರಸಿಯಿಂದ ಆ ಕೂಗು ಕೇಳಿದಾಗ ಇವನು ನಕ್ಕು, “ಅಕ್ಕಾ, ನಂದೂ ಹಂಗ ಆಗೇತಿ ನೋಡು” ಅಂದ.

“ಬ್ರೇಕಪ್ಪಾ?”

“ಬ್ರೇಕಪ್ ಅಂದ್ರ ಇಬ್ರೂ ಮಾತಾಡಿ ಬಿಡೂದು. ಇದು ಅದೂ ಅಲ್ಲ. ಆಕಿ ಘೋಸ್ಟ್ ಮಾಡಿದ್ಲು.”

ಎಂಟು ತಿಂಗಳ ಸ್ನೇಹ. ಅದಕ್ಕೆ ಅವರಿಟ್ಟುಕೊಂಡ ಹೆಸರು ‘ಸಿಚುವೇಶನ್‌ಶಿಪ್’. ಅಂದರೆ ಪ್ರೀತಿಯವರ ಹಾಗೆ ತಿರುಗುವುದು, ಆದರೆ ಯಾರು ಕೇಳಿದರೂ ‘ಹಂಗೇನಿಲ್ಲ’ ಅನ್ನುವುದು. ಮೊದಲು ಉತ್ತರಗಳು ಗಿಡ್ಡವಾದವು: ‘ಹ್ಞೂಂ’, ‘ಓಕೆ’. ಆಮೇಲೆ ಟಿಕ್ಕು ನೀಲಿಯಾಗುವುದು ನಿಂತಿತು. ಹನ್ನೊಂದನೇ ದಿನ ಡಿಪಿ ಮಾಯವಾಗಿ, ಕಳಿಸಿದ್ದಕ್ಕೆಲ್ಲ ಒಂದೇ ಟಿಕ್ಕು. ಬ್ಲಾಕ್ ಆಗಿದ್ದರೂ ಒಂದೇ ಟಿಕ್ಕು, ಅವಳ ಫೋನು ಆಫ್ ಆಗಿದ್ದರೂ ಒಂದೇ ಟಿಕ್ಕು. ಬ್ಲಾಕ್ ಮಾಡಿದವರ ಗುಟ್ಟು ಕಾಯಲು ವಾಟ್ಸಾಪ್‌ನವರು ಬೇಕೆಂದೇ ಹಾಗೆ ಇಟ್ಟಿದ್ದಾರೆ. ಸಾಫ್ಟ್‌ವೇರ್‌ನವಳಾಗಿ ಅದು ಸರಿಯಾದ ವಿನ್ಯಾಸ ಅಂತ ಒಪ್ಪುತ್ತೇನೆ. ಆದರೆ ತಾರಸಿಯ ಮೇಲೆ ಕೂತವನಿಗೆ ಆ ಒಂದು ಟಿಕ್ಕೇ ದಿನಕ್ಕೆ ನೂರು ಸಲ ಆಸೆ ಹುಟ್ಟಿಸುತ್ತಿತ್ತು. ಕೈಕೊಟ್ಟವರ ಮೇಲೆ ಸಿಟ್ಟಾದರೂ ಮಾಡಬಹುದು. ಮಾಯವಾದವರ ಮೇಲೆ ಸಿಟ್ಟು ಮಾಡುವ ಮೊದಲು, ಆಕೆಗೆ ಏನಾದರೂ ಅಪಾಯ ಆಯಿತೇ ಎಂಬ ಹೆದರಿಕೆ ಮುಗಿಯಬೇಕು.

ಗೆಳೆಯರಿಗೆ ಹೇಳಬಾರದಿತ್ತೇ ಅಂದೆ. ಹೇಳಿದ್ದನಂತೆ. ಅವನ ಟೀಮಿನ ಹಿಂದಿ ಹುಡುಗರು ‘ಇಸ್ಕಾ ಕಟ್ ಗಯಾ’ ಅಂತ ನಕ್ಕರಂತೆ. ನನ್ನ ಆಫೀಸಿನಲ್ಲೂ ಇದು ನಿತ್ಯದ ಮಾತು. ಅದರ ಪೂರ್ತಿ ರೂಪದಲ್ಲಿ ಒಂದು ಬೈಗುಳವಿದೆ, ಇಲ್ಲಿ ಬೇಡ. ‘ಕಟ್ ಗಯಾ’ದಲ್ಲಿ ಬಿಟ್ಟುಹೋದವರೇ ಇಲ್ಲ, ಮೂರ್ಖನಾದವನೊಬ್ಬ ಮಾತ್ರ ಇದ್ದಾನೆ. ಹೀಗಾಗಿ ಇವನೂ ತಾನೇ ಜೋಕು ಮಾಡಿಕೊಂಡು ತಿರುಗುತ್ತಿದ್ದ.

ಇನ್ನೊಂದು ಮಾತೂ ಹೇಳಬೇಕು. ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು, “ಬೇಡ ಅಂತ ಬಾಯಿಬಿಟ್ಟು ಹೇಳಿದ್ರೆ ಪಿಜಿ ಮುಂದೆ ಬಂದು ನಿಂತ್ಕೋತಾನೆ, ಅದಕ್ಕೇ ಮಾಯ ಆಗೋದು” ಅಂದಿದ್ದಳು. ಆ ಭಯ ಸುಳ್ಳಲ್ಲ. ತಮ್ಮನಿಗೆ ಇದನ್ನು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ನಾ ಅಂಥಾವ ಅಲ್ಲ ಅಕ್ಕಾ” ಅಂದ.

ಮೂರು ವಾರದ ಮೇಲೆ ಬೆಂಗಳೂರಿನಿಂದ ಫೋನು. ಅವಳಿಂದ ‘ಹಾಯ್, ಹೇಗಿದ್ದೀಯಾ?’ ಅಂತ ಒಂದು ಸಾಲು ಬಂದಿತ್ತು. ಘೋಸ್ಟ್ ಆದವರು ಎದ್ದು ಬಂದರೆ ‘ಝಾಂಬಿಯಿಂಗ್’ ಅಂತೆ. ಒಂದೊಂದೇ ಮೆಸೇಜು ಎಸೆಯುತ್ತ ಆಸೆ ಉಳಿಸಿಡುವುದು ‘ಬ್ರೆಡ್‌ಕ್ರಂಬಿಂಗ್’. ‘ಅಂದರೆ ಕಾಳು ಹಾಕೋದು’ ಅಂದೆ. ಅವನು ಒಪ್ಪಲಿಲ್ಲ. “ಕಾಳು ಹಾಕಾಂವಗ ಹಕ್ಕಿ ಬೇಕಾಗಿರ್ತೈತಿ ಅಕ್ಕಾ. ಇಲ್ಲಿ ಹಕ್ಕಿ ಹಿಡಿಯೂದೂ ಇಲ್ಲ, ಹಾರಾಕ ಬಿಡೂದೂ ಇಲ್ಲ.” ನನಗಿಂತ ಅವನೇ ಸರಿ ಅನ್ನಿಸಿತು.

ಏನು ಉತ್ತರ ಬರೆದೆ ಅಂತ ಕೇಳಿದೆ. ‘ಬಿಟ್ಟೀನಿ ಅಂತ ಒಂದ್ ಸಲ ಬರದ್ ಬಿಡು, ಸಾಕು’ ಅಂತ ಬರೆದಿದ್ದನಂತೆ. ಎರಡು ಟಿಕ್ಕು ಬಿದ್ದಿವೆ. ಇನ್ನೂ ನೀಲಿಯಾಗಿಲ್ಲ.